2020ರ ಮಾರ್ಚ್‌ನಲ್ಲಿ ಸರಾಸರಿಯ ಸೂತ್ರ ಪೇಟೆಯಿಂದ ಹೊರಗುಳಿದದ್ದೇಕೆ

ನಿಯಮಬದ್ಧ ಹೂಡಿಕೆಯಲ್ಲಿ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬುದನ್ನು ಮೊದಲೇ ಬರೆದಿಟ್ಟ ಸೂತ್ರ ತೀರ್ಮಾನಿಸುತ್ತದೆ. ಆ ದಿನದ ಸುದ್ದಿಗಾಗಲಿ, ಹೂಡಿಕೆದಾರರ ಅಂದಾಜಿಗಾಗಲಿ ಅದರಲ್ಲಿ ಜಾಗವಿಲ್ಲ. ಇಂಥವುಗಳಲ್ಲಿ ಬಹಳ ಸರಳವಾದದ್ದು ಹತ್ತು ತಿಂಗಳ ಸರಾಸರಿಯ ಸೂತ್ರ. ಅಮೆರಿಕದ ಮೆಬ್ ಫೇಬರ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದು ಹೆಚ್ಚು ಜನರಿಗೆ ಪರಿಚಯವಾಯಿತು. ತಿಂಗಳ ಕೊನೆಯ ವಹಿವಾಟಿನ ದಿನ ಸೂಚ್ಯಂಕದ ಮುಕ್ತಾಯದ ಮಟ್ಟವನ್ನು ನೋಡಬೇಕು. ಆ ತಿಂಗಳೂ ಸೇರಿ ಹಿಂದಿನ ಹತ್ತು ತಿಂಗಳ ಕೊನೆಯ ಮಟ್ಟಗಳ ಸರಾಸರಿ ತೆಗೆಯಬೇಕು. ಸೂಚ್ಯಂಕ ಸರಾಸರಿಗಿಂತ ಮೇಲಿದ್ದರೆ ಮುಂದಿನ ತಿಂಗಳು ಹಣ ಇಂಡೆಕ್ಸ್ ಫಂಡಿನಲ್ಲಿರುತ್ತದೆ, ಕೆಳಗಿದ್ದರೆ ಲಿಕ್ವಿಡ್ ಫಂಡಿಗೆ ಹೋಗುತ್ತದೆ. ಮತ್ತೆ ಲೆಕ್ಕ ಹಾಕುವುದು ಮುಂದಿನ ತಿಂಗಳ ಕೊನೆಗೇ.

ಈ ಸೂತ್ರವನ್ನು ನಿಫ್ಟಿಗೆ ಅನ್ವಯಿಸುವ ಒಂದು ಗುಂಪಿದ್ದಿದ್ದರೆ, 2020ರ ಫೆಬ್ರವರಿ 28ರ ಶುಕ್ರವಾರ ಸಂಜೆ ಸದಸ್ಯರಿಗೆ ಹೋಗಬೇಕಿದ್ದ ಸಂದೇಶ ಚಿಕ್ಕದು. ನಿಫ್ಟಿ 11,202ಕ್ಕೆ ಮುಗಿದಿದೆ. 2019ರ ಮೇ ತಿಂಗಳಿಂದ ಈವರೆಗಿನ ಹತ್ತು ತಿಂಗಳ ಸರಾಸರಿ 11,659. ಸೂಚ್ಯಂಕ ಸರಾಸರಿಗಿಂತ ಸುಮಾರು ಶೇ 4ರಷ್ಟು ಕೆಳಗಿರುವುದರಿಂದ ಮಾರ್ಚ್ ತಿಂಗಳು ಪೇಟೆಯಿಂದ ಹೊರಗೆ. ಇಷ್ಟೇ. ಕೊರೊನಾ ಎಂಬ ಮಾತು ಈ ಸಂದೇಶಕ್ಕೆ ಬೇಕಾಗಿಯೇ ಇರಲಿಲ್ಲ, ಏಕೆಂದರೆ ಸೂತ್ರಕ್ಕೆ ಅದರ ಅರಿವಿರಲಿಲ್ಲ. ಸೋಂಕು ಹರಡುತ್ತದೆ, ಲಾಕ್‌ಡೌನ್ ಬರುತ್ತದೆ ಎಂದು ಸೂತ್ರ ಮೊದಲೇ ಕಂಡುಕೊಂಡಿತ್ತು ಎಂದು ಆಮೇಲೆ ಯಾರಾದರೂ ಹೇಳಿದರೆ ಅದು ಸುಳ್ಳು. ಜನವರಿ ಕೊನೆಯಲ್ಲಿ ನಿಫ್ಟಿ 11,962ರಲ್ಲಿತ್ತು, ಅಂದಿನ ಸರಾಸರಿ 11,714. ಹಾಗಾಗಿ ಇದೇ ಸೂತ್ರ ಫೆಬ್ರವರಿಯಿಡೀ ಹಣವನ್ನು ಪೇಟೆಯಲ್ಲೇ ಉಳಿಸಿತು, ಆ ತಿಂಗಳ ಶೇ 6ಕ್ಕೂ ಹೆಚ್ಚಿನ ಕುಸಿತವನ್ನು ಪೂರ್ತಿ ಅನುಭವಿಸಿತು.

ಹಿಂದಿನ ಬೆಲೆಗಳನ್ನಷ್ಟೇ ನೋಡುವ ಲೆಕ್ಕ ಮುಂದಿನ ತಿಂಗಳ ಬಗ್ಗೆ ಏನಾದರೂ ಹೇಳಬಲ್ಲದೇ? ಪೇಟೆ ಏರುತ್ತದೋ ಇಳಿಯುತ್ತದೋ ಎಂಬುದರ ಬಗ್ಗೆ ಅದು ಹೇಳುವುದು ತೀರಾ ಕಡಿಮೆ. ಪೇಟೆ ಎಷ್ಟು ಜೋರಾಗಿ ಏರಿಳಿಯಬಹುದು ಎಂಬುದರ ಬಗ್ಗೆ ಮಾತ್ರ ಸಾಕಷ್ಟು ಸುಳಿವು ಕೊಡುತ್ತದೆ. ಬೆಲೆಯ ದೊಡ್ಡ ಬದಲಾವಣೆಗಳ ಹಿಂದೆ ದೊಡ್ಡ ಬದಲಾವಣೆಗಳೇ ಬರುತ್ತವೆ, ಚಿಕ್ಕವುಗಳ ಹಿಂದೆ ಚಿಕ್ಕವು ಬರುತ್ತವೆ ಎಂಬುದನ್ನು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1963ರಲ್ಲಿ ಹತ್ತಿಯ ಬೆಲೆಗಳನ್ನು ಅಧ್ಯಯನ ಮಾಡುವಾಗ ಗುರುತಿಸಿದ್ದರು. ಏರಿಳಿತದ ಈ ಗುಂಪುಗೂಡುವಿಕೆಯನ್ನು ಲೆಕ್ಕಕ್ಕೆ ತರುವ ಮಾದರಿಯನ್ನು ರಾಬರ್ಟ್ ಎಂಗಲ್ 1982ರಲ್ಲಿ ಕೊಟ್ಟರು. 2003ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಷೇರುಪೇಟೆಯಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಬೆಲೆ ಇಳಿಯುತ್ತಿರುವಾಗ ಏರಿಳಿತ ಹೆಚ್ಚು, ನಿಧಾನವಾಗಿ ಏರುತ್ತಿರುವಾಗ ಕಡಿಮೆ. ಸಾಲ ಮಾಡಿ ಷೇರು ಕೊಂಡವರು ಬೆಲೆ ಕುಸಿದಾಗ ಮನಸ್ಸಿಲ್ಲದಿದ್ದರೂ ಮಾರಬೇಕಾಗುತ್ತದೆ, ಆ ಮಾರಾಟ ಬೆಲೆಯನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಸೂಚ್ಯಂಕ ತನ್ನ ದೀರ್ಘ ಸರಾಸರಿಯ ಕೆಳಗಿರುವ ಕಾಲವೂ ಏರಿಳಿತ ಜೋರಾಗಿರುವ ಕಾಲವೂ ಬಹುಮಟ್ಟಿಗೆ ಒಂದೇ ಆಗುವುದು ಹೀಗೆ. ಸೂತ್ರ ಹೊರಗಿಡುವುದು ಈ ಕಾಲವನ್ನು.

ಮಾರ್ಚ್ ತಿಂಗಳಲ್ಲಿ ನಡೆದದ್ದು ಇದಕ್ಕೆ ತಕ್ಕಂತೆಯೇ ಇತ್ತು. 12ರಂದು ನಿಫ್ಟಿ ಶೇ 8ರಷ್ಟು ಬಿತ್ತು. 13ರ ಬೆಳಿಗ್ಗೆ ವಹಿವಾಟು ಆರಂಭವಾದ ಕೆಲವೇ ನಿಮಿಷಗಳಲ್ಲಿ ಶೇ 10ರ ಕೆಳಗಿನ ಸರ್ಕ್ಯೂಟ್ ತಾಗಿ ಪೇಟೆ 45 ನಿಮಿಷ ನಿಂತಿತು, ಆದರೂ ಅದೇ ಸಂಜೆ ಹಿಂದಿನ ದಿನಕ್ಕಿಂತ ಮೇಲೆಯೇ ಮುಗಿಯಿತು. 20ರಂದು ಶೇ 5.8 ಏರಿತು. ಮರು ವಹಿವಾಟಿನ ದಿನವಾದ 23ರಂದು ಶೇ 13ರಷ್ಟು ಕುಸಿದು 7,610ಕ್ಕೆ ಬಂತು. 25ರಂದು ಮತ್ತೆ ಶೇ 6.6 ಏರಿತು. ಇಂಥ ತಿಂಗಳಲ್ಲಿ ಒಳಗಿದ್ದವರಿಗೆ ಸ್ಟಾಪ್‌ಲಾಸ್ ಕೂಡ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯದೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಧುಮುಕಿದಾಗ, ನಿಗದಿ ಮಾಡಿದ ಬೆಲೆಯಲ್ಲಿ ಕೊಳ್ಳುವವರೇ ಇರುವುದಿಲ್ಲ. ಮಾರಾಟವಾದರೂ ಬಹಳ ಕೆಳಗಿನ ಬೆಲೆಗೆ ಆಗುತ್ತದೆ.

ದೊಡ್ಡ ಏರಿಕೆಯ ದಿನಗಳು ದೊಡ್ಡ ಕುಸಿತದ ದಿನಗಳ ನಡುವೆಯೇ ಬಂದಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಪೇಟೆಯ ಅತ್ಯುತ್ತಮ ದಿನಗಳು ತಪ್ಪಿಹೋದರೆ ಲಾಭವೇ ಕರಗುತ್ತದೆ, ಆದ್ದರಿಂದ ಎಂದೂ ಹೊರಗೆ ಬರಬಾರದು ಎಂಬ ವಾದವನ್ನು ಫಂಡ್ ಮಾರುವವರು ಆಗಾಗ ಮುಂದಿಡುತ್ತಾರೆ. ಆ ಲೆಕ್ಕ ಸರಿ, ಆದರೆ ಅರ್ಧ. ಹೊರಗಿದ್ದವರಿಗೆ 20 ಮತ್ತು 25ರ ಏರಿಕೆ ತಪ್ಪಿತು, 12 ಮತ್ತು 23ರ ಕುಸಿತವೂ ತಪ್ಪಿತು. ಎರಡನ್ನೂ ಕೂಡಿಸಿದರೆ ಮಾರ್ಚ್ ಕೊನೆಗೆ ನಿಫ್ಟಿ 8,598ರಲ್ಲಿತ್ತು, ಅಂದರೆ ತಿಂಗಳಲ್ಲಿ ಶೇ 23ರ ನಷ್ಟ.

ಮಾರ್ಚ್ 31ಕ್ಕೆ ಲೆಕ್ಕ ನಿಲ್ಲಿಸಿದರೆ ಸೂತ್ರ ಅದ್ಭುತವಾಗಿ ಕಾಣುತ್ತದೆ. ಪ್ರಾಮಾಣಿಕ ಸಂದೇಶ ಅಲ್ಲಿ ನಿಲ್ಲಬಾರದು. ಏಪ್ರಿಲ್‌ನಲ್ಲಿ ನಿಫ್ಟಿ ಸುಮಾರು ಶೇ 15 ಏರಿ 9,860 ತಲುಪಿತು, ಆದರೆ ಸರಾಸರಿ ಇನ್ನೂ ಬಹಳ ಮೇಲಿದ್ದುದರಿಂದ ಸೂತ್ರ ಹೊರಗೇ ಉಳಿಯಿತು. ಮೇ, ಜೂನ್ ತಿಂಗಳುಗಳೂ ಹಾಗೇ ಕಳೆದವು. ಜುಲೈ ಕೊನೆಗೆ ನಿಫ್ಟಿ 11,073, ಸರಾಸರಿ 10,868, ಆಗ ಮರುಪ್ರವೇಶ. 11,202ಕ್ಕೆ ಮಾರಿದ್ದನ್ನು 11,073ಕ್ಕೆ ಕೊಂಡಂತಾಯಿತು. ಐದು ತಿಂಗಳ ಅಂತರದಲ್ಲಿ ಉಳಿದದ್ದು ಶೇ 1ರ ಆಸುಪಾಸು, ಮೇಲೆ ಲಿಕ್ವಿಡ್ ಫಂಡಿನ ಸಣ್ಣ ಆದಾಯ. ಮಾರಾಟದ ತೆರಿಗೆ, ದಲ್ಲಾಳಿ ಶುಲ್ಕ ಕಳೆದರೆ ಹೆಚ್ಚೇನೂ ಮಿಗುವುದಿಲ್ಲ.

ಅದಕ್ಕೂ ಹಿಂದಿನ ವರ್ಷದ ಅನುಭವ ಇನ್ನೂ ಕಹಿ. 2019ರ ಜುಲೈ ಕೊನೆಯಲ್ಲಿ ನಿಫ್ಟಿ 11,118ಕ್ಕೆ ಇಳಿದು, 11,195ರ ಸರಾಸರಿಯ ಸ್ವಲ್ಪವೇ ಕೆಳಗೆ ಬಂತು. ಸೂತ್ರ ಮಾರಿಸಿತು. ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿ ತೆರಿಗೆ ಇಳಿಸಿದ್ದನ್ನು ಪ್ರಕಟಿಸಿದಾಗ ಒಂದೇ ದಿನದಲ್ಲಿ ನಿಫ್ಟಿ ಶೇ 5ಕ್ಕಿಂತ ಹೆಚ್ಚು ಜಿಗಿಯಿತು. ತಿಂಗಳ ಕೊನೆಗೆ ಸೂತ್ರ 11,474ಕ್ಕೆ ಮತ್ತೆ ಕೊಳ್ಳಿಸಿತು. ಹೋದದ್ದು ಶೇ 3ಕ್ಕೂ ಹೆಚ್ಚು. ಎರಡು ಪ್ರಸಂಗಗಳನ್ನು ಒಟ್ಟಿಗಿಟ್ಟರೆ, ಪೇಟೆ ಬಿಟ್ಟು ಬಂದದ್ದರಿಂದ ಸೂಚ್ಯಂಕದ ಅಂಕಗಳಲ್ಲಿ ಸೂತ್ರ ಸೋತೇ ಇದೆ.

ಹಾಗಾದರೆ ಅದರಿಂದ ಸಿಕ್ಕಿದ್ದೇನು? ಸಿಕ್ಕಿದ್ದು ಹೆಚ್ಚಿನ ಲಾಭವಲ್ಲ, ಕಡಿಮೆ ಆಳದ ಕುಸಿತ. ಜನವರಿ 14ರ 12,362ರಿಂದ ಮಾರ್ಚ್ 23ರ ತಳದವರೆಗೆ ಒಳಗೇ ಉಳಿದವರ ಹಣ ಶೇ 38ರಷ್ಟು ಕರಗಿತ್ತು. ಅದನ್ನು ಮರಳಿ ಪಡೆಯಲು ತಳದಿಂದ ಶೇ 62ರ ಏರಿಕೆ ಬೇಕು. ಸೂತ್ರ ಪಾಲಿಸಿದವರ ಇಳಿಕೆ ಶೇ 9ರ ಹತ್ತಿರ ನಿಂತಿತು. ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಎತ್ತರವನ್ನು ದಾಟಿದ್ದರಿಂದ ಈಗ ಎರಡೂ ದಾರಿ ಸಮವೆಂದು ತೋರುತ್ತದೆ. ಮಾರ್ಚ್ 23ರಂದು ಆ ನವೆಂಬರ್ ಯಾರಿಗೂ ಕಾಣುತ್ತಿರಲಿಲ್ಲ. ಸಾಲ ತೀರಿಸಲೋ, ಆಸ್ಪತ್ರೆಯ ಖರ್ಚಿಗೋ ಅದೇ ವಾರ ಹಣ ತೆಗೆಯಬೇಕಾಗಿ ಬಂದವರಿಗೆ ಶೇ 38 ಮತ್ತು ಶೇ 9ರ ನಡುವಿನ ಅಂತರ ಕಾಗದದ ಮೇಲಿನ ಅಂಕಿಯಷ್ಟೇ ಆಗಿರಲಿಲ್ಲ.

ಹೊರಗುಳಿದದ್ದಕ್ಕೆ ಗುಂಪೊಂದು ಕಾರಣ ಕೊಟ್ಟಾಗ ಅದು ನಿಜಕ್ಕೂ ಸೂತ್ರದ ತೀರ್ಮಾನವೋ, ಭಯಕ್ಕೆ ಆಮೇಲೆ ತೊಡಿಸಿದ ಲೆಕ್ಕವೋ ಎಂಬುದನ್ನು ಪರೀಕ್ಷಿಸಬಹುದು. ಮೊದಲನೆಯದಾಗಿ, ಸಂದೇಶದ ದಿನಾಂಕ ಕುಸಿತಕ್ಕಿಂತ ಮುಂಚಿನದಾಗಿರಬೇಕು; ಅದರಲ್ಲಿರುವ ಪ್ರತಿಯೊಂದು ಅಂಕಿಯೂ ಆ ಸಂಜೆಗೆ ಲಭ್ಯವಿರಬೇಕು. ಯಾರು ಲೆಕ್ಕ ಹಾಕಿದರೂ ಉತ್ತರ ಒಂದೇ ಬರಬೇಕು. ಮರಳಿ ಒಳಬರುವ ಷರತ್ತೂ ಅದರಲ್ಲೇ ಇರಬೇಕು. ಎಷ್ಟೋ ಗುಂಪುಗಳು ಎಡವುವುದು ಇಲ್ಲಿಯೇ. ಮಾರುವಾಗ ಸರಾಸರಿಯನ್ನು ನಂಬಿ, ಜುಲೈ ಕೊನೆಯಲ್ಲಿ ಕೊಳ್ಳಬೇಕಾದಾಗ ಸೋಂಕು ಇನ್ನೂ ಏರುತ್ತಿದೆಯಲ್ಲ ಎಂದು ಕಾದು ಕುಳಿತರೆ, ಆಗ ನಡೆಯುತ್ತಿರುವುದು ಸೂತ್ರವಲ್ಲ. ಹತ್ತು ತಿಂಗಳ ಬದಲು ಎಂಟು ಅಥವಾ ಹನ್ನೆರಡು ತಿಂಗಳು ಇಟ್ಟು, ತಿಂಗಳ ಕೊನೆಯ ಬದಲು ನಡುವಿನ ದಿನ ಆರಿಸಿ ನೋಡಿದರೂ ಫಲಿತಾಂಶ ಹೆಚ್ಚುಕಡಿಮೆ ಅದೇ ಇರಬೇಕು. ಒಂದೇ ಒಂದು ಸಂಖ್ಯೆಗೆ ಮಾತ್ರ ಚೆನ್ನಾಗಿ ಕಾಣುವ ಸೂತ್ರವನ್ನು ಹಳೆಯ ಅಂಕಿಗಳಿಗೆ ಹೊಂದುವಂತೆ ತಿದ್ದಿರುವ ಸಾಧ್ಯತೆ ದೊಡ್ಡದು.