ದೀಪಾವಳಿ ಯಾವಾಗ ಎಂದು ಯಂತ್ರಕ್ಕೆ ಯಾರು ಹೇಳಬೇಕು?

ದಾವಣಗೆರೆಯಲ್ಲಿ ದೀಪದ ಎಣ್ಣೆಯ ಸಗಟು ವ್ಯಾಪಾರ ಮಾಡುವ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಖರೀದಿ, ಗೋಡೌನು, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಇಡುವ ಇಆರ್‌ಪಿ ತಂತ್ರಾಂಶಕ್ಕೆ ಈಗ ‘ಮಷೀನ್ ಲರ್ನಿಂಗ್’ ಸೇರಿದೆಯಂತೆ. ಮುಂದಿನ ತಿಂಗಳು ಎಷ್ಟು ಪೆಟ್ಟಿಗೆ ಬೇಕಾಗುತ್ತದೆ ಎಂದು ಅದು ಹೇಳುತ್ತದೆ, ಅನುಮಾನ ಬಂದ ಬಿಲ್ಲನ್ನು ತಡೆಹಿಡಿಯುತ್ತದೆ. ‘2025ರ ದೀಪಾವಳಿಗೆ ಅದು ಹೇಳಿದಂತೆ ಮಾಲು ತರಿಸಿದೆ, ಹಬ್ಬ ಮುಗಿದ ಮೇಲೆ ಲಾರಿ ಬಂತು. ಯಂತ್ರಕ್ಕೆ ಇಷ್ಟೂ ಗೊತ್ತಿಲ್ಲವೇ?’ ಎಂದು ಕೇಳಿದ್ದಾರೆ.

ಗೊತ್ತಿರುವುದಿಲ್ಲ. ಯಾಕೆ ಎಂಬುದೇ ಸೊಗಸಾದ ಸಂಗತಿ.

ಬಲಿಪಾಡ್ಯಮಿ 2023ರಲ್ಲಿ ನವೆಂಬರ್ 14ಕ್ಕೆ, 2024ರಲ್ಲಿ ನವೆಂಬರ್ 2ಕ್ಕೆ, 2025ರಲ್ಲಿ ಅಕ್ಟೋಬರ್ 22ಕ್ಕೆ ಬಂತು. ಚಾಂದ್ರಮಾನದ ವರ್ಷ ಸುಮಾರು 354 ದಿನ. ಹಾಗಾಗಿ ಹಬ್ಬ ವರ್ಷವರ್ಷವೂ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅದನ್ನು ಒಮ್ಮೆಲೇ ಮುಂದಕ್ಕೆ ತಳ್ಳುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದಲೇ ದೀಪಾವಳಿ ಮತ್ತೆ ನವೆಂಬರ್ ಎರಡನೇ ವಾರಕ್ಕೆ ಬರುತ್ತದೆ. ಇಆರ್‌ಪಿಯಲ್ಲಿ ಇರುವುದು ಬಿಲ್ಲಿನ ತಾರೀಕು ಮಾತ್ರ, ತಿಥಿಯಲ್ಲ. ಚಿಲ್ಲರೆ ಅಂಗಡಿಯವರು ಹಬ್ಬದ ಹಿಂದಿನ ಹತ್ತು ದಿನ ಮುಗಿಬಿದ್ದು ಕೊಂಡರು ಎನ್ನೋಣ. ಮೊದಲೆರಡು ವರ್ಷದ ಲೆಕ್ಕದಿಂದ ಯಂತ್ರ ಕಲಿತದ್ದು ಇಷ್ಟೇ: ಅಕ್ಟೋಬರ್ ಕೊನೆಯ ವಾರ ಮತ್ತು ನವೆಂಬರ್ ಮೊದಲ ಎರಡು ವಾರ ಎಣ್ಣೆ ಚೆನ್ನಾಗಿ ಹೋಗುತ್ತದೆ. 2025ರಲ್ಲಿ ಬೇಡಿಕೆ ಅಕ್ಟೋಬರ್ 12ಕ್ಕೇ ಶುರುವಾಯಿತು. ಲಾರಿ ತಡವಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮದ್ದು ಪಂಚಾಂಗದಲ್ಲಿದೆ. ಪ್ರತಿ ದಿನದ ಸಾಲಿನ ಪಕ್ಕದಲ್ಲಿ ‘ದೀಪಾವಳಿಗೆ ಇನ್ನೆಷ್ಟು ದಿನ’ ಎಂಬ ಒಂದು ಕಾಲಂ ಸೇರಿಸಿದರೆ ಮೂರು ಬೇರೆ ಬೇರೆ ಹಬ್ಬಗಳು ಯಂತ್ರದ ಕಣ್ಣಿಗೆ ಒಂದೇ ಹಬ್ಬವಾಗುತ್ತವೆ. ಆದರೂ ಒಂದು ಮಿತಿ ಉಳಿಯುತ್ತದೆ. ಮೂರು ವರ್ಷದ ದಾಖಲೆ ಎಂದರೆ ಸಾವಿರಕ್ಕೂ ಹೆಚ್ಚು ದಿನಗಳ ಸಾಲು, ಆದರೆ ದೀಪಾವಳಿ ಮೂರೇ. ಹಬ್ಬದ ಬಗ್ಗೆ ಯಂತ್ರಕ್ಕಿರುವುದು ಮೂರು ಅನುಭವ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ನನಗೆ ಅದನ್ನು ಎಷ್ಟು ಹೇಳಿದರೂ ಸಾಲದು. ನಮ್ಮ ಲೆಕ್ಕದ ಪುಸ್ತಕದಲ್ಲಿ ಬೇಡಿಕೆ ಎಂಬುದು ಇರುವುದೇ ಇಲ್ಲ, ಇರುವುದು ಮಾರಾಟ. ಹಬ್ಬದ ಹಿಂದಿನ ಆರು ದಿನ ದಿನಕ್ಕೆ 40 ಪೆಟ್ಟಿಗೆ ಕೇಳುವವರಿದ್ದಾರೆ, ಗೋಡೌನಿನಲ್ಲಿ 120 ಇವೆ ಎಂದಿಟ್ಟುಕೊಳ್ಳಿ. ಮೂರು ದಿನಕ್ಕೆ ಮಾಲು ಖಾಲಿ. ಉಳಿದ ಮೂರು ದಿನ ‘ಎಣ್ಣೆ ಇದೆಯಾ ಅಣ್ಣಾ’ ಎಂದು ಬಂದವರು ಪಕ್ಕದ ಬೀದಿಗೆ ಹೋದರು. ಆ ದಿನಗಳ ಮುಂದೆ ಇಆರ್‌ಪಿ ಬರೆದದ್ದು ಸೊನ್ನೆ. ಯಂತ್ರ ಸರಾಸರಿ ತೆಗೆದು ದಿನಕ್ಕೆ 20, ಆರು ದಿನಕ್ಕೆ 120 ಎನ್ನುತ್ತದೆ. ಮರುವರ್ಷ ಮಾಲೀಕರು 120 ತರಿಸುತ್ತಾರೆ, 120 ಮಾರಾಟವಾಗುತ್ತದೆ. ಅಂದಾಜು 120, ಮಾರಾಟ 120, ತಪ್ಪು ಸೊನ್ನೆ! ವರದಿಯಲ್ಲಿ ನೂರಕ್ಕೆ ನೂರು ಅಂಕ, ಅಂಗಡಿಯಲ್ಲಿ ಅರ್ಧ ಗಿರಾಕಿಗಳು ಬರಿಗೈಯಲ್ಲಿ ವಾಪಸ್.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮಾರಾಟ ಸೊನ್ನೆ ಇರುವ ದಿನಗಳ ಪಕ್ಕದಲ್ಲಿ ಆ ದಿನ ಬೆಳಿಗ್ಗೆ ಇದ್ದ ದಾಸ್ತಾನು ಇಟ್ಟು ನೋಡಬೇಕು. ದಾಸ್ತಾನೂ ಸೊನ್ನೆಯಾಗಿದ್ದರೆ ಆ ದಿನವನ್ನು ‘ಮಾರಾಟವಿಲ್ಲ’ ಎಂದು ಕಲಿಸದೆ ‘ಗೊತ್ತಿಲ್ಲ’ ಎಂದು ಖಾಲಿ ಬಿಡಬೇಕು. ಇದಕ್ಕೆ ದಾಸ್ತಾನಿನ ಲೆಕ್ಕ ದಿನದಿನವೂ ಸರಿಯಾಗಿರಬೇಕು. ಮಾಲು ಇಳಿದ ದಿನ ಎಂಟ್ರಿ ಮಾಡದೆ ತಿಂಗಳ ಕೊನೆಗೆ ಒಟ್ಟಿಗೆ ಕೂತು ಬರೆಯುವ ರೂಢಿಯಿದ್ದರೆ, ದಾಸ್ತಾನು ಮೈನಸ್‌ಗೆ ಹೋಗಿರುವುದೂ ಕಾಣುತ್ತದೆ. ಮೈನಸ್ ಇಪ್ಪತ್ತು ಪೆಟ್ಟಿಗೆ ಎಣ್ಣೆ ಯಾವ ಗೋಡೌನಿನಲ್ಲೂ ಇರಲು ಸಾಧ್ಯವಿಲ್ಲ. ಅಂಥ ಲೆಕ್ಕದ ಮೇಲೆ ಯಾವ ವಿಧಾನ ಕೂರಿಸಿದರೂ ಕೂರುವುದಿಲ್ಲ. ಕಂಪ್ಯೂಟರ್ ಹೇಳಿತು ಎಂದು ಅಂಕಿಯನ್ನು ಕಣಿಯಂತೆ ನಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಣಿಯವಳ ಮಾತನ್ನಾದರೂ ನಾಲ್ಕು ಜನ ಪ್ರಶ್ನಿಸುತ್ತಾರೆ. ಇಲ್ಲಿ ಪರೀಕ್ಷೆಯ ದಾರಿಯೂ ಇದೆ: ಕೊನೆಯ ಮೂರು ತಿಂಗಳ ಲೆಕ್ಕವನ್ನು ಬಚ್ಚಿಟ್ಟು ಯಂತ್ರದಿಂದ ಅಂದಾಜು ಕೇಳಿ, ‘ಹೋದ ವರ್ಷದಷ್ಟೇ’ ಎನ್ನುವ ಸಾದಾ ಅಂದಾಜಿನ ಪಕ್ಕ ಇಟ್ಟು ನೋಡಿ. ಸಾದಾ ಅಂದಾಜನ್ನು ಮೀರದಿದ್ದರೆ ಆ ಯಂತ್ರ ನಿಮಗೆ ಬೇಡ.

ಇನ್ನು ಬಿಲ್ಲಿನ ಮಾತು. ಇದೂ ಅಂದಾಜಿನ ಕೆಲಸವೇ. ಈ ಸಪ್ಲೈಯರ್‌ನಿಂದ ಈ ಹೊತ್ತಿಗೆ ಎಂಥ ಬಿಲ್ ಬರಬೇಕಿತ್ತು, ಬಂದದ್ದು ಅದರಿಂದ ಎಷ್ಟು ದೂರ ಎಂದು ಯಂತ್ರ ಅಳೆಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದ ಹೆಸರು ಐಸೋಲೇಷನ್ ಫಾರೆಸ್ಟ್, 2008ರದು. ನೆಲದ ಮೇಲೆ ಕಣ್ಣುಮುಚ್ಚಿ ಗೆರೆ ಎಳೆಯುತ್ತಾ ಹೋಗಿ. ಬಯಲಿನ ಒಂಟಿ ತೆಂಗಿನಮರ ಎರಡು ಮೂರು ಗೆರೆಗೇ ಬೇರೆಯಾಗಿ ನಿಲ್ಲುತ್ತದೆ. ಅಡಿಕೆ ತೋಟದ ನಡುವಿನ ಮರವನ್ನು ಬೇರೆ ಮಾಡಲು ಎಷ್ಟೋ ಗೆರೆ ಬೇಕು. ಬೇಗ ಒಂಟಿಯಾಗುವ ಬಿಲ್ಲೇ ಅನುಮಾನದ ಬಿಲ್ಲು.

ಆದರೆ ನಾನು ಹೆಚ್ಚಾಗಿ ಕಂಡ ತಪ್ಪಿಗೆ ಇಷ್ಟು ಜಾಣತನವೂ ಬೇಡ. ಕಾಗದದ ಬಿಲ್ ಬಂತು, `SLT/0147/24-25` ಎಂದು ಒಬ್ಬರು ಬರೆದರು. ಅದೇ ಬಿಲ್ ವಾಟ್ಸಾಪಿನಲ್ಲೂ ಬಂತು, ಇನ್ನೊಬ್ಬರು `SLT-147/24-25` ಎಂದು ಬರೆದರು. ಜಿಎಸ್‌ಟಿ ನಿಯಮದಂತೆ ಬಿಲ್ ಸಂಖ್ಯೆಯಲ್ಲಿ ಅಡ್ಡಗೆರೆ, ಓರೆಗೆರೆ ಎರಡೂ ಇರಬಹುದು. ಅಕ್ಷರಕ್ಕೆ ಅಕ್ಷರ ಹೋಲಿಸುವ ಇಆರ್‌ಪಿಗೆ ಇವು ಎರಡು ಬಿಲ್, ಹಣವೂ ಎರಡು ಸಲ ಹೋಗುತ್ತದೆ. ಗೆರೆಗಳನ್ನೂ ಮುಂದಿನ ಸೊನ್ನೆಯನ್ನೂ ತೆಗೆದರೆ ಎರಡೂ `SLT1472425` ಆಗಿ ಸಿಕ್ಕಿಬೀಳುತ್ತವೆ. ಹಾಗೆ ತೆಗೆದಾಗ `A/11/2` ಮತ್ತು `A/1/12` ಕೂಡ ಒಂದೇ ಆಗಿಬಿಡುತ್ತವೆ. ಆದ್ದರಿಂದ ಸಪ್ಲೈಯರ್, ತಾರೀಕು, ಮೊತ್ತ ಮೂರನ್ನೂ ಜೊತೆಗೆ ನೋಡಬೇಕು.

ತಡೆಹಿಡಿದ ಬಿಲ್ಲೆಲ್ಲ ಕಳ್ಳ ಬಿಲ್ಲಲ್ಲ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ತಿಂಗಳಿಗೆ 2000 ಬಿಲ್, ಅದರಲ್ಲಿ ನಿಜಕ್ಕೂ ತಪ್ಪಿರುವುದು 4 ಎನ್ನಿ. ಯಂತ್ರ ಆ ನಾಲ್ಕರಲ್ಲಿ 3 ಹಿಡಿಯುತ್ತದೆ, ಸರಿಯಿರುವ ಬಿಲ್ಲುಗಳಲ್ಲಿ ನೂರಕ್ಕೆ ಎರಡನ್ನು ಸುಮ್ಮನೆ ಅನುಮಾನಿಸುತ್ತದೆ. ಅಂದರೆ 40 ನಿರಪರಾಧಿ ಬಿಲ್ಲುಗಳ ಜೊತೆ 3 ತಪ್ಪು ಬಿಲ್, ಹದಿನಾಲ್ಕಕ್ಕೆ ಒಂದು. ದೀಪಾವಳಿ ಬೇಗ ಬಂದ ವರ್ಷ ಅಕ್ಟೋಬರ್ ಮೊದಲ ವಾರದ ದೊಡ್ಡ ಎಣ್ಣೆ ಬಿಲ್ ಕೂಡ ಆ ನಲವತ್ತರಲ್ಲಿ ಒಂದಾಗಿರುತ್ತದೆ, ಪಂಚಾಂಗ ಅಲ್ಲೂ ಬೇಕು. ಪಟ್ಟಿ ನೋಡಿದ ಕೂಡಲೇ ಹತ್ತು ವರ್ಷದ ಸಪ್ಲೈಯರ್‌ಗೆ ಫೋನ್ ಮಾಡಿ ರೇಗುವುದು ಅನ್ಯಾಯ. ಪರಿಶೀಲಿಸಿದವರು ‘ಸರಿಯಿದೆ’ ಅಥವಾ ‘ತಪ್ಪು’ ಎಂದು ಅಲ್ಲೇ ಗುರುತು ಹಾಕಿದರೆ ಮಾತ್ರ ಯಂತ್ರ ಮುಂದಿನ ಸಲಕ್ಕೆ ಸ್ವಲ್ಪ ಕಲಿಯುತ್ತದೆ.

ನಿಜವಾದ ಕಳ್ಳ ಎಷ್ಟೋ ಸಲ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಮೊದಲ ದಿನದಿಂದಲೂ ಪೆಟ್ಟಿಗೆಗೆ ಹತ್ತು ರೂಪಾಯಿ ಹೆಚ್ಚು ಹಾಕುತ್ತಾ ಬಂದವನ ಬಿಲ್ ಅಡಿಕೆ ತೋಟದ ನಡುವಿನ ಮರದಂತೆ, ಯಂತ್ರಕ್ಕೆ ಅದೇ ಸಹಜ. ಅವನನ್ನು ಹಿಡಿಯಬೇಕಾದರೆ ಒಪ್ಪಿದ ದರವಿರುವ ಪರ್ಚೇಸ್ ಆರ್ಡರ್, ಗೋಡೌನಿನವರು ಎಣಿಸಿ ಬರೆದ ರಸೀದಿ, ಬಿಲ್ ಈ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಒಬ್ಬರು ಕೂರಬೇಕು.