ಹೇಮಚಂದ್ರ ಸಂಖ್ಯೆಗಳು: ಮೊದಲ ಇಪ್ಪತ್ತು ಪದಗಳನ್ನು ತಪ್ಪಿಲ್ಲದೆ ಬರೆಯುವುದು ಹೇಗೆ?

ರಜೆಯಲ್ಲಿ ನಮ್ಮ ಭಾಗದ ಪಾಠಶಾಲೆ ಮಕ್ಕಳಿಗೆ ಒಂದು ಸಣ್ಣ ಲಿಖಿತ ಸ್ಪರ್ಧೆ ಇಟ್ಟಿದ್ದೆವು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆಯಿಂದ ಮಕ್ಕಳು ಬಂದಿದ್ದರು. ಉತ್ತರ ಪತ್ರಿಕೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿದ್ದ ಒಂದು ಪ್ರಶ್ನೆ ಹೀಗಿತ್ತು: "ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನ ಎರಡು ಸಂಖ್ಯೆಗಳ ಮೊತ್ತವಾಗಿರುವ ಶ್ರೇಣಿಯ ಮೊದಲ ಇಪ್ಪತ್ತು ಪದಗಳನ್ನು ಬರೆಯಿರಿ." ನನ್ನ ಕೈಗೆ ಕೊಟ್ಟ ಉತ್ತರದ ಚೀಟಿಯಲ್ಲಿ ಇಪ್ಪತ್ತನೆಯ ಪದ 6765 ಎಂದಿತ್ತು.

ಶಿಗ್ಗಾಂವಿಯ ಹುಡುಗ 6765 ಬರೆದಿದ್ದ. ಸವಣೂರಿನ ಹುಡುಗಿ 4181 ಬರೆದಿದ್ದಳು. ಹಿರೇಕೆರೂರಿನ ಹುಡುಗಿಯದು 10946. ಹಾನಗಲ್ಲಿನ ಹುಡುಗನದು 6676. ನಾನು ಚೀಟಿ ನೋಡಿ ಮೊದಲನೆಯದಕ್ಕೆ ಸರಿ ಹಾಕಿ ಉಳಿದ ಮೂರಕ್ಕೂ ತಪ್ಪು ಹಾಕಿದೆ. ಫಲಿತಾಂಶ ಓದಿದ ಮೇಲೆ ಹಿರೇಕೆರೂರಿನ ಹುಡುಗಿ ಹತ್ತಿರ ಬಂದು, "ಅಜ್ಜಾರ, ಎಲ್ಲಿಂದ ಶುರು ಮಾಡಬೇಕಂತ ಪ್ರಶ್ನ್ಯಾದಾಗ ಬರದೇ ಇಲ್ಲಲ್ರೀ" ಎಂದಳು. ಅವಳ ಹಾಳೆಯನ್ನು ಮತ್ತೆ ಮೇಲಿನಿಂದ ಓದಿದೆ. ತಪ್ಪು ನನ್ನದೇ ಆಗಿತ್ತು.

ಮೂವರ ಪಟ್ಟಿಯೂ ಒಂದೇ. ಸವಣೂರಿನವಳು 0, 1 ಎಂದು ಆರಂಭಿಸಿದ್ದಳು. ಶಿಗ್ಗಾಂವಿಯವನು 1, 1 ಎಂದು. ಹಿರೇಕೆರೂರಿನವಳು 1, 2 ಎಂದು. ಆಮೇಲೆ ಮೂವರೂ ಒಂದೇ ದಾರಿಯಲ್ಲಿ ನಡೆದಿದ್ದಾರೆ; ಒಬ್ಬೊಬ್ಬರು ಒಂದೊಂದು ಹೆಜ್ಜೆ ಮುಂದೆ ಇದ್ದಾರೆ ಅಷ್ಟೆ. ಅದಕ್ಕೇ ಅವರ ಇಪ್ಪತ್ತನೆಯ ಪದಗಳು 4181, 6765, 10946 ಎಂದು ಸಾಲಾಗಿ ನಿಲ್ಲುತ್ತವೆ. ಮೊದಲ ಎರಡನ್ನು ಕೂಡಿದರೆ ಮೂರನೆಯದು ಬರುತ್ತದೆ, ನೀವೇ ಕೂಡಿ ನೋಡಿ.

"ನೀ 1, 2 ಅಂತ ಯಾಕ ಶುರು ಮಾಡಿದಿ?" ಎಂದು ಕೇಳಿದೆ. "ಕನ್ನಡ ಸರ್ ಛಂದಸ್ಸಿನಾಗ ಹಂಗ ಎಣಿಸಿ ತೋರಿಸ್ಯಾರ್ರೀ" ಎಂದಳು. ಅವಳ ಸರ್ ಹೇಳಿಕೊಟ್ಟ ರೀತಿಯೇ ಹಳೆಯದು. ಅದನ್ನು ನಮ್ಮ ಊರುಗಳ ಹೆಸರಿನಿಂದಲೇ ವಿವರಿಸುತ್ತೇನೆ.

ಊರ ಹೆಸರಿನಲ್ಲಿರುವ ಲೆಕ್ಕ

ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ಅಥವಾ ಕೊನೆಗೆ ವ್ಯಂಜನ ಕೂಡಿದ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ಈಗ ಹಾನಗಲ್ ಎನ್ನಿ: ಹಾ ಎರಡು, ನ ಒಂದು, ಗಲ್ ಎರಡು. ಒಟ್ಟು 5 ಮಾತ್ರೆ. ಶಿಗ್ಗಾಂವಿ: ಶಿಗ್ ಎರಡು, ಗಾಂ ಎರಡು, ವಿ ಒಂದು. ಇದೂ 5. ಸವಣೂರು: ಸ ಒಂದು, ವ ಒಂದು, ಣೂ ಎರಡು, ರು ಒಂದು. ಇದೂ 5. ಮೂರೂ ಊರಿನ ತೂಕ ಒಂದೇ, ಆದರೆ ಜೋಡಣೆ ಬೇರೆ ಬೇರೆ.

ಹಾಗಾದರೆ 5 ಮಾತ್ರೆಯನ್ನು ಒಟ್ಟು ಎಷ್ಟು ರೀತಿಯಲ್ಲಿ ಜೋಡಿಸಬಹುದು? ಸುಮ್ಮನೆ ಬರೆಯುತ್ತಾ ಹೋದರೆ ಒಂದೆರಡು ಬಿಟ್ಟುಹೋಗುತ್ತವೆ. ಅದರ ಬದಲು ಕೊನೆಯ ಅಕ್ಷರವನ್ನು ಮಾತ್ರ ನೋಡಿ. ಅದು ಲಘು ಆಗಿರಬೇಕು, ಇಲ್ಲವೇ ಗುರು ಆಗಿರಬೇಕು, ಮೂರನೆಯದು ಇಲ್ಲ.

ಕೊನೆಗೆ ಲಘು ಇದ್ದರೆ ಅದರ ಹಿಂದೆ 4 ಮಾತ್ರೆ ಉಳಿಯುತ್ತದೆ. 4 ಮಾತ್ರೆಗೆ ಐದು ಜೋಡಣೆಗಳಿವೆ: 2+2, 1+1+2, 1+2+1, 2+1+1, 1+1+1+1. ಈ ಐದರ ಕೊನೆಗೂ ಒಂದೊಂದು ಲಘು ಸೇರಿಸಿದರೆ ಐದು ರೂಪ ಸಿಕ್ಕವು. ಶಿಗ್ಗಾಂವಿ (2+2+1) ಮತ್ತು ಸವಣೂರು (1+1+2+1) ಈ ಗುಂಪಿನವು.

ಕೊನೆಗೆ ಗುರು ಇದ್ದರೆ ಹಿಂದೆ 3 ಮಾತ್ರೆ ಉಳಿಯುತ್ತದೆ. 3 ಮಾತ್ರೆಗೆ ಮೂರು ಜೋಡಣೆ: 1+2, 2+1, 1+1+1. ಅವುಗಳ ಕೊನೆಗೆ ಒಂದೊಂದು ಗುರು ಸೇರಿಸಿದರೆ ಇನ್ನು ಮೂರು ರೂಪ. ಹಾನಗಲ್ (2+1+2) ಇಲ್ಲಿಯದು.

ಐದೂ ಮೂರೂ ಸೇರಿ ಎಂಟು. ಯಾವುದೂ ಎರಡು ಸಲ ಬರಲಿಲ್ಲ, ಯಾವುದೂ ಬಿಡಲಿಲ್ಲ. "ಹಿಂದಿನ ಎರಡರ ಮೊತ್ತ" ಎಂಬ ನಿಯಮ ಹುಟ್ಟುವುದು ಇಲ್ಲಿಂದ. ಇದು ಯಾರೋ ಇಟ್ಟ ನಿಯಮವಲ್ಲ, ಕೊನೆಯ ಅಕ್ಷರ ಎರಡೇ ಬಗೆಯದಾಗಿರುವುದರಿಂದ ತಾನಾಗಿ ಬರುವುದು. ಒಂದು ಮಾತ್ರೆಗೆ ಒಂದೇ ರೂಪ (ಒಂದು ಲಘು). ಎರಡು ಮಾತ್ರೆಗೆ ಎರಡು ರೂಪ (ಒಂದು ಗುರು, ಅಥವಾ ಎರಡು ಲಘು). ಆದ್ದರಿಂದ ಈ ಲೆಕ್ಕದಲ್ಲಿ ಪಟ್ಟಿ 1, 2 ಎಂದೇ ಆರಂಭವಾಗಬೇಕು. ಹಿರೇಕೆರೂರು 1+2+1+2+1, ಅಂದರೆ 7 ಮಾತ್ರೆ. ಅದು ಇಪ್ಪತ್ತೊಂದು ರೂಪಗಳಲ್ಲಿ ಒಂದು.

ಇದನ್ನು ಬರೆದಿಟ್ಟವರು

12ನೇ ಶತಮಾನದಲ್ಲಿ ಗುಜರಾತದ ಪಾಟಣದಲ್ಲಿದ್ದ ಶ್ವೇತಾಂಬರ ಆಚಾರ್ಯ ಹೇಮಚಂದ್ರ ಸೂರಿಗಳು ತಮ್ಮ 'ಛಂದೋನುಶಾಸನ'ದಲ್ಲಿ ಈ ನಿಯಮವನ್ನು ಹೇಳಿದ್ದಾರೆ. ಕಾಲ ಸುಮಾರು 1150. ಇಟಲಿಯ ಪೀಸಾ ಪಟ್ಟಣದ ಲಿಯೊನಾರ್ಡೊ, ಅಂದರೆ ಈಗ ಫಿಬೊನಾಚಿ ಎಂದು ಹೆಸರಾದವನು, ಮೊಲಗಳ ಲೆಕ್ಕದ ಮೂಲಕ ಇದೇ ಸಂಖ್ಯೆಗಳನ್ನು ಬರೆದದ್ದು 1202ರಲ್ಲಿ. ಅವನೂ ಒಂದು ಜೋಡಿ ಮೊಲದಿಂದ ಆರಂಭಿಸಿ ಮೊದಲ ತಿಂಗಳಿಗೆ 2, ಆಮೇಲೆ 3 ಎಂದು ಎಣಿಸಿ ಹನ್ನೆರಡನೆಯ ತಿಂಗಳಿಗೆ 377 ಜೋಡಿ ಎಂದು ಮುಗಿಸಿದ್ದಾನೆ.

ಆದರೆ ನಮ್ಮವರು ಹಂಚಿಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. "ಹೇಮಚಂದ್ರರೇ ಮೊದಲು ಕಂಡುಹಿಡಿದರು" ಎಂದು ಬರೆಯಬಾರದು. ಅವರಿಗೂ ಕೆಲವು ಶತಮಾನ ಮೊದಲು ಪ್ರಾಕೃತ ಛಂದಸ್ಸಿನ ಬಗ್ಗೆ 'ವೃತ್ತಜಾತಿಸಮುಚ್ಚಯ' ಬರೆದ ವಿರಹಾಂಕ ಈ ಎಣಿಕೆ ಕೊಟ್ಟಿದ್ದಾನೆ. ಅದಕ್ಕೆ ಟೀಕೆ ಬರೆದ ಗೋಪಾಲನೂ ಹೇಮಚಂದ್ರರಿಗಿಂತ ಹಿಂದಿನವನು. ಹೇಮಚಂದ್ರರು ಈ ಪರಂಪರೆಯಲ್ಲಿ ನಿಂತು ನಿಯಮವನ್ನು ಸ್ಪಷ್ಟವಾಗಿ ಹೇಳಿದವರು. ಇದ್ದದ್ದನ್ನು ಇದ್ದಷ್ಟೇ ಹೇಳಿದರೂ ಅವರ ಗೌರವಕ್ಕೆ ಕೊರತೆಯಿಲ್ಲ.

ಇಪ್ಪತ್ತು ಪದಗಳು

1, 2 ಎಂದು ಆರಂಭಿಸಿ, ಐದೈದರ ಸಾಲಿನಲ್ಲಿ:

1, 2, 3, 5, 8
13, 21, 34, 55, 89
144, 233, 377, 610, 987
1597, 2584, 4181, 6765, 10946

ಹದಿನಾಲ್ಕನೆಯದು 610. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ. ನಮ್ಮ ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರು 'ನಳಚರಿತ್ರೆ' ಬರೆದದ್ದು ಈ ಷಟ್ಪದಿಯಲ್ಲೇ. ಹಾಗಾದರೆ ಆ ಸಾಲಿಗೆ 610 ರೂಪಗಳೇ? ಅಲ್ಲ. ಭಾಮಿನಿಯ ಸಾಲು 3, 4, 3, 4 ಎಂದು ಗಣಗಳಾಗಿ ಮುರಿಯಬೇಕು. ಒಂದು ಗುರು ಎರಡು ಗಣಗಳ ನಡುವೆ ಸಿಕ್ಕಿಕೊಳ್ಳಬಾರದು. ಆದ್ದರಿಂದ ಹೆಚ್ಚೆಂದರೆ 3 × 5 × 3 × 5, ಅಂದರೆ 225 ರೂಪಗಳು ಮಾತ್ರ. ಗಣದ ಕಟ್ಟಿಲ್ಲದೆ ಬರೀ ಮಾತ್ರೆ ಎಣಿಸುವಾಗಷ್ಟೇ ನಮ್ಮ ಪಟ್ಟಿ ನಡೆಯುತ್ತದೆ.

ಹಾನಗಲ್ಲಿನ ಹುಡುಗನ ಹಾಳೆ

ಉಳಿದದ್ದು 6676. ಇವನು 1, 1 ಎಂದು ಆರಂಭಿಸಿದ್ದ, ಆದರೆ ಹತ್ತನೆಯ ಜಾಗದಲ್ಲಿ 55ರ ಬದಲು 54 ಬರೆದಿದ್ದ. ಅಲ್ಲಿಂದ ಮುಂದೆ ಅವನ ಒಂದೊಂದು ಕೂಡಿಕೆಯೂ ಸರಿ: 88, 142, 230, 372, 602, 974, 1576, 2550, 4126, 6676. ಕೆಳಗಿನಿಂದ ತಿದ್ದುತ್ತಾ ಹೋದರೆ ಹತ್ತು ಕೂಡಿಕೆಗಳಲ್ಲಿ ತಪ್ಪೇ ಕಾಣುವುದಿಲ್ಲ. ಸರಿಯಾದ ಪಟ್ಟಿಗಿಂತ ಎಷ್ಟು ಕಡಿಮೆಯಿದೆ ನೋಡಿ: 1, 1, 2, 3, 5, 8, 13, 21, 34, 55, 89. ಒಂದರ ತಪ್ಪು ಇದೇ ಶ್ರೇಣಿಯಂತೆ ಬೆಳೆದು 89 ಆಗಿದೆ.

ಇದನ್ನು ಹಿಡಿಯಲು ಎರಡು ಉಪಾಯ. ಮೊದಲನೆಯದು ಕಣ್ಣಳತೆಯದು. 1, 1 ಪಟ್ಟಿಯಲ್ಲಿ ಬೆಸ, ಬೆಸ, ಸಮ ಎಂದು ಮೂರರ ಸುತ್ತು ನಡೆಯುತ್ತದೆ. ಎರಡು ಸಮ ಸಂಖ್ಯೆಗಳು ಎಂದೂ ಅಕ್ಕಪಕ್ಕ ಬರುವುದಿಲ್ಲ. ಇವನ ಹಾಳೆಯಲ್ಲಿ 34ರ ಪಕ್ಕ 54 ಬಂದು, ಅಲ್ಲಿಂದ ಕೊನೆಯವರೆಗೆ ಎಲ್ಲವೂ ಸಮವೇ. ತಪ್ಪಿದ ಜಾಗ ಅಲ್ಲೇ ಗೊತ್ತಾಗುತ್ತದೆ. ಆದರೆ ಕೈಯಲ್ಲಿ ಹಿಡಿದ ದಶಕ ಮರೆತು 10 ಕಡಿಮೆ ಬರೆದಿದ್ದರೆ ಈ ಉಪಾಯ ನಡೆಯದು.

ಎರಡನೆಯದು ನಮ್ಮ ಅಂಗಡಿ ಕೀರ್ದಿಯ ಪದ್ಧತಿ, ಅಡಿಯಲ್ಲಿ ಬೇರೀಜು ಹಾಕುವುದು. 1, 1 ಪಟ್ಟಿಯ ಮೊದಲ ಇಪ್ಪತ್ತರ ಬೇರೀಜು ಇಪ್ಪತ್ತೆರಡನೆಯ ಪದಕ್ಕಿಂತ ಒಂದು ಕಡಿಮೆ ಇರಬೇಕು: 17711ರಲ್ಲಿ ಒಂದು ಕಳೆದರೆ 17710. ಹುಡುಗನ ಪಟ್ಟಿಯನ್ನು ಇನ್ನೆರಡು ಪದ ಮುಂದುವರಿಸಿದರೆ 10802, 17478. ಬೇರೀಜು 17477 ಬರಬೇಕಿತ್ತು. ಕೂಡಿದರೆ 17478 ಬರುತ್ತದೆ. ವ್ಯತ್ಯಾಸ ಒಂದು. ಒಂದೇ ಕಡೆ ತಪ್ಪಿದ್ದರೆ, ಮೂಲದಲ್ಲಿ ಎಷ್ಟು ತಪ್ಪಿತ್ತೋ ಅಷ್ಟೇ ವ್ಯತ್ಯಾಸ ಇಲ್ಲಿ ಕಾಣುತ್ತದೆ. 10 ತಪ್ಪಿದ್ದರೆ 10 ಕಾಣುತ್ತದೆ. 1, 2 ಪಟ್ಟಿಗಾದರೆ ಇಪ್ಪತ್ತೆರಡನೆಯ ಪದವಾದ 28657ರಲ್ಲಿ ಎರಡು ಕಳೆಯಬೇಕು: 28655.

ಮರುದಿನ ಮೂವರಿಗೂ ಪೂರ್ಣ ಅಂಕ ಕೊಟ್ಟು ಫಲಿತಾಂಶ ತಿದ್ದಿದೆವು. ಹಾನಗಲ್ಲಿನ ಹುಡುಗನಿಗೆ ಒಂದೇ ತಪ್ಪಿಗೆ ಒಂದೇ ಅಂಕ ಕಡಿಮೆ ಮಾಡಿದೆವು. ಇತರ ಪಾಠಶಾಲೆಗಳಲ್ಲಿ ಈ ಪ್ರಶ್ನೆ ಕೇಳುವವರಿಗೆ ನನ್ನ ವಿನಂತಿ ಒಂದೇ: ಮೊದಲ ಎರಡು ಪದಗಳನ್ನು ಪ್ರಶ್ನೆಯಲ್ಲೇ ಬರೆದುಕೊಡಿ.