ಹೆಸರು ತಾಳೆಯಾಗದೆ ಮರಳುವ ಹಣ

ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕುಗಳ ನಡುವೆ ಓಡುವುದು ಸ್ವಿಫ್ಟ್ ಜಾಲದ ಒಂದು ಸಂದೇಶ. ಅದರಲ್ಲಿ ಹಣ ಪಡೆಯುವವರ ಖಾತೆ ಸಂಖ್ಯೆಯ ಜೊತೆಗೆ ಹೆಸರು, ವಿಳಾಸವೂ ಇರುತ್ತವೆ. ಖಾತೆ ಸಂಖ್ಯೆ ಸರಿಯಿದ್ದರೆ ಸಾಕೆಂದು ಬಹಳ ಮಂದಿ ನಂಬುತ್ತಾರೆ. ಸಂಖ್ಯೆಯನ್ನಷ್ಟೇ ನೋಡಿ ಜಮೆ ಮಾಡುವ ಬ್ಯಾಂಕುಗಳೂ ಇವೆ. ಆದರೆ ಹೆಸರು ಹೊಂದದಿದ್ದರೆ ಅಥವಾ ವಿಳಾಸ ಅರೆಬರೆಯಾಗಿದ್ದರೆ, ಅಕ್ರಮ ಹಣ ತಡೆಯುವ ನಿಯಮದ ಹೆಸರಿನಲ್ಲಿ ಹಣವನ್ನು ತಡೆಹಿಡಿಯುವ ಬ್ಯಾಂಕುಗಳು ಕಡಿಮೆಯಿಲ್ಲ. ಹಾಗೆ ತಡೆಯುವುದು ಹಣ ಸೇರಬೇಕಾದ ಬ್ಯಾಂಕೇ ಆಗಬೇಕೆಂದಿಲ್ಲ, ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕೂ ಆಗಬಹುದು.

ಕರ್ನಾಟಕದ ಹೆಸರುಗಳಿಗೆ ಈ ತೊಡಕು ಹೆಚ್ಚು. ಮನೆತನದ ಹೆಸರಿಲ್ಲದೆ ಇನಿಷಿಯಲ್ ಬಳಸುವುದು ಇಲ್ಲಿನ ರೂಢಿ. ಊರಿನಲ್ಲಿ ‘ಕಾವ್ಯ ಎಂ.’ ಎಂದಿರುವ ವಿದ್ಯಾರ್ಥಿನಿ ಅಮೆರಿಕದ ಬ್ಯಾಂಕಿನಲ್ಲಿ ‘ಕಾವ್ಯ ಮಂಜುನಾಥ’ ಆಗಿರಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ FNU ಎಂದು ಬರುತ್ತದೆ; ಅದೇ ಅಕ್ಷರಗಳು ಬ್ಯಾಂಕ್ ಖಾತೆಗೂ ಅಂಟಿಕೊಳ್ಳುವುದುಂಟು. ವಿಳಾಸದ ಕಥೆಯೂ ಹೀಗೆಯೇ: ಮಗಳು ಮನೆ ಬದಲಿಸಿರುತ್ತಾಳೆ, ಅರ್ಜಿಯಲ್ಲಿ ಹಳೆಯದೇ ಇರುತ್ತದೆ.

ನಷ್ಟದ ಲೆಕ್ಕವನ್ನು ಊಹೆಯ ಅಂಕಿಗಳಿಂದ ನೋಡಬಹುದು. ತಂದೆ 2,000 ಡಾಲರ್ ಕಳಿಸಿದರು, ಬ್ಯಾಂಕು ಡಾಲರಿಗೆ 85 ರೂಪಾಯಿ ಹಿಡಿಯಿತು ಎಂದುಕೊಳ್ಳಿ. ಖಾತೆಯಿಂದ ಹೋದದ್ದು 1,70,000 ರೂಪಾಯಿ, ಮೇಲೆ 1,000 ರೂಪಾಯಿ ಶುಲ್ಕ. ಹಣ ತಿರಸ್ಕೃತವಾಗಿ ಮರಳುವಾಗ ದಾರಿಯ ಬ್ಯಾಂಕುಗಳು 40 ಡಾಲರ್ ಮುರಿದುಕೊಂಡವು. ಉಳಿದ 1,960 ಡಾಲರನ್ನು ಊರಿನ ಬ್ಯಾಂಕು ಕೊಳ್ಳುವ ದರದಲ್ಲಿ, ಅಂದರೆ 83 ರೂಪಾಯಿಗೆ ಬದಲಿಸಿದರೆ ಸಿಗುವುದು 1,62,680. ಶುಲ್ಕವೂ ಸೇರಿ 8,320 ರೂಪಾಯಿ ಕರಗಿತು. ಇದರಲ್ಲಿ ದೊಡ್ಡ ಪಾಲು, 3,920 ರೂಪಾಯಿ, ಮಾರುವ ಮತ್ತು ಕೊಳ್ಳುವ ದರಗಳ ಅಂತರದಿಂದಲೇ ಹೋದದ್ದು. ರಸೀದಿಯಲ್ಲಿ ಇದು ಶುಲ್ಕವೆಂದು ಕಾಣುವುದೇ ಇಲ್ಲ. ‘ಎಲ್ಲ ಶುಲ್ಕ ಕಳಿಸುವವರದೇ’ ಎಂಬ OUR ಆಯ್ಕೆ ಮಾಡಿದ್ದರೂ ಅದು ಸಾಮಾನ್ಯವಾಗಿ ಹೋಗುವ ದಾರಿಗಷ್ಟೇ, ಮರಳುವ ದಾರಿಗಲ್ಲ.

ಎಲ್ಲ ತಿರಸ್ಕಾರಗಳೂ ಕೂಡಲೇ ಆಗುವುದಿಲ್ಲ. ಎಷ್ಟೋ ಸಲ ಆ ಬ್ಯಾಂಕು ಮೊದಲು ವಿವರ ಕೇಳಿ ಸಂದೇಶ ಕಳಿಸುತ್ತದೆ, ಕೆಲವು ದಿನ ಕಾಯುತ್ತದೆ. ಆ ಅವಧಿಯಲ್ಲಿ ಊರಿನ ಶಾಖೆ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಕಳಿಸಿದರೆ ಹಣ ಮರಳದೆ ಜಮೆಯಾಗಬಹುದು. ತಿದ್ದುಪಡಿಗೆ ಶುಲ್ಕವಿದ್ದರೂ ಮೇಲಿನ ನಷ್ಟಕ್ಕೆ ಹೋಲಿಸಿದರೆ ಅದು ಸಾಮಾನ್ಯವಾಗಿ ಅಗ್ಗ. ಶಾಖೆ ಪ್ರಶ್ನೆಯನ್ನು ಗ್ರಾಹಕರಿಗೆ ತಿಳಿಸದೆ ಕೂರುವುದೂ ಉಂಟು. ಆದ್ದರಿಂದ ನಾಲ್ಕೈದು ಕೆಲಸದ ದಿನ ಕಳೆದರೂ ಹಣ ತಲುಪದಿದ್ದರೆ ಶಾಖೆಯಿಂದ ಸ್ವಿಫ್ಟ್ ಕಾಪಿ ಕೇಳಿ ಪಡೆಯಬೇಕು. ಅದರಲ್ಲಿರುವ UETR ಎಂಬ 36 ಅಕ್ಷರಗಳ ಗುರುತಿನಿಂದ ಹಣ ಎಲ್ಲಿ ನಿಂತಿದೆಯೆಂದು ಬ್ಯಾಂಕು ಪತ್ತೆ ಹಚ್ಚಬಲ್ಲದು. ಅರ್ಜಿಯಲ್ಲಿ ಬರೆದ ಹೆಸರು ಸಂದೇಶದಲ್ಲಿ ತುಂಡಾಗಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ಹಳೆಯ ಮಾದರಿಯ ಸಂದೇಶದಲ್ಲಿ ಹೆಸರು, ವಿಳಾಸ ಎರಡಕ್ಕೂ ಸೇರಿ ತಲಾ 35 ಅಕ್ಷರಗಳ ನಾಲ್ಕೇ ಸಾಲು ಇದ್ದವು.

ತಪ್ಪು ಶಾಖೆಯ ಟೈಪಿಂಗಿನದಾದರೆ ನಷ್ಟ ತುಂಬಿಕೊಡುವಂತೆ ಲಿಖಿತವಾಗಿ ಕೇಳಬಹುದು; ಅದಕ್ಕೆ ಅರ್ಜಿಯ ಪ್ರತಿಯೇ ಸಾಕ್ಷಿ. ಮತ್ತೆ ಕಳಿಸುವ ಮೊದಲು, ಪಡೆಯುವವರಿಂದ ಅವರ ಬ್ಯಾಂಕ್ ಸ್ಟೇಟ್‌ಮೆಂಟಿನ ಮೊದಲ ಪುಟ ತರಿಸಿಕೊಂಡು, ಅಲ್ಲಿರುವ ಹೆಸರನ್ನೂ ವಿಳಾಸವನ್ನೂ ಅಕ್ಷರ ಬಿಡದೆ ಅರ್ಜಿಯಲ್ಲಿ ಬರೆಯಿರಿ.